ಕಮೋಡ್‌ನಲ್ಲಿ ಕೂತಾಗ ಕಾಲು ಎಲ್ಲಿಡಬೇಕು?

"ಮೊದಲಿಂದ ಕುಕ್ಕರಗಾಲಲ್ಲಿ ಕೂತೇ ಅಭ್ಯಾಸ. ಹೊಸ ಮನೆಯಲ್ಲಿ ಕಮೋಡ್ ಮಾತ್ರ ಇದೆ. ಎಷ್ಟು ತಿಣುಕಿದರೂ ಪೂರ್ತಿ ಆಗಲ್ಲ, ಏನು ಮಾಡಲಿ?"

ಗುದನಾಳದ ಹಿಂದಿನಿಂದ ಒಂದು ಸ್ನಾಯು ಜೋಳಿಗೆಯಂತೆ ಸುತ್ತಿಕೊಂಡು, ಅದನ್ನು ಮುಂದಕ್ಕೆ ಎಳೆದು ಬಾಗಿಸಿರುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಆ ಬಾಗು ಜಾಸ್ತಿ ನೇರವಾಗುತ್ತದೆ. ಕಮೋಡ್‌ನಲ್ಲಿ ಅಷ್ಟು ಆಗುವುದಿಲ್ಲ, ಅದಕ್ಕೇ ನಿಮಗೆ ತಿಣುಕಾಟ.

ಪಾದದ ಕೆಳಗೆ 7-8 ಇಂಚಿನ ಗಟ್ಟಿ ಮಣೆ ಇಡಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಮುಂದೆ ಬಾಗಿ ಮೊಣಕೈ ತೊಡೆಯ ಮೇಲೆ ಊರಿ. ಉಸಿರು ಬಿಗಿಹಿಡಿಯಬೇಡಿ, ಹೊಟ್ಟೆ ಸಡಿಲ ಬಿಟ್ಟು ನಿಧಾನವಾಗಿ ಉಸಿರಾಡಿ. 10 ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ, ಸುಮ್ನೆ ಕೂತರೆ ಮೂಲವ್ಯಾಧಿಗೆ ದಾರಿ.

ಸೀಟಿನ ಮೇಲೆ ಹತ್ತಿ ಮಾತ್ರ ಕೂರಬೇಡಿ. ನಾನೂ ಹಾಗೆ ಮಾಡಿ ಒಮ್ಮೆ ಜಾರಿದ್ದೇನೆ! ಪಿಂಗಾಣಿ ಒಡೆದರೆ ಚಾಕುವಿನಂತೆ ಕೊಯ್ಯುತ್ತದೆ. ಮಲದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ.