ಕಥೆಯ ವಿಷಯ, ನೀತಿ, ಆಶಯ: ಮಕ್ಕಳಿಂದ ಆಶಯವನ್ನು ಪೂರ್ತಿ ವಾಕ್ಯದಲ್ಲಿ ಬರೆಸುವುದು ಹೇಗೆ?

ಪ್ರಶ್ನೆ: ಕಥೆಯ ಆಶಯ ಬರೆಯಿರಿ ಅಂದರೆ ಮಕ್ಕಳು "ಸ್ನೇಹ" ಅಂತ ಒಂದು ಪದ ಬರೆಯುತ್ತಾರೆ, ಇಲ್ಲವೇ "ಸುಳ್ಳು ಹೇಳಬಾರದು" ಅಂತ ಬರೆಯುತ್ತಾರೆ. ವಿಷಯ, ನೀತಿ, ಆಶಯ ಇವುಗಳ ವ್ಯತ್ಯಾಸ ತಿಳಿಸಿ, ಪೂರ್ತಿ ವಾಕ್ಯ ಬರೆಸುವುದು ಹೇಗೆ?

ಉತ್ತರ: ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಒಂದೇ ಪುಟ್ಟ ಕಥೆ ಇಟ್ಟುಕೊಂಡು ಮೂರನ್ನೂ ಅದರಿಂದಲೇ ತೆಗೆಸಿ. ಈ ಕಥೆ ನೋಡಿ.

ರವಿ ಗೆಳೆಯ ಕಿರಣನ ಕೈಗಡಿಯಾರವನ್ನು ಕೇಳದೆ ತೆಗೆದುಕೊಳ್ಳುತ್ತಾನೆ. ಅದು ಬಿದ್ದು ಗಾಜು ಒಡೆಯುತ್ತದೆ. ಸುಮ್ಮನೆ ಕಿರಣನ ಚೀಲಕ್ಕೆ ವಾಪಸ್ ಹಾಕಿಬಿಡುತ್ತಾನೆ. ಕಿರಣನಿಗೆ ಪಕ್ಕದಲ್ಲಿ ಕೂರುವ ಸುರೇಶನ ಮೇಲೆ ಅನುಮಾನ; ಅವನ ಜೊತೆ ಮಾತು ಬಿಡುತ್ತಾನೆ. ಸುರೇಶ ಬೇರೆ ಬೆಂಚಿಗೆ ಹೋಗಿ ಕೂರುತ್ತಾನೆ. ತಿಂಗಳಾದ ಮೇಲೆ ರವಿ ನಿಜ ಹೇಳುತ್ತಾನೆ. ಕಿರಣ ಅವನನ್ನು ಕ್ಷಮಿಸುತ್ತಾನೆ, ಸುರೇಶನ ಹತ್ತಿರ ಹೋಗಿ ಕ್ಷಮೆಯನ್ನೂ ಕೇಳುತ್ತಾನೆ. ಸುರೇಶ "ಪರವಾಗಿಲ್ಲ" ಅನ್ನುತ್ತಾನೆ. ಆದರೆ ಕಿರಣನ ಬೆಂಚಿಗೆ ಮತ್ತೆ ಬರುವುದಿಲ್ಲ.

ಕಥೆ ಯಾವುದರ ಬಗ್ಗೆ ಅಂದರೆ ಮಕ್ಕಳು "ಸ್ನೇಹ", "ತಪ್ಪು ಮುಚ್ಚಿಡುವುದು" ಅನ್ನುತ್ತಾರೆ. ಅದು ವಿಷಯ, ಒಂದೆರಡು ಪದ ಸಾಕು. "ತಪ್ಪು ಮಾಡಿದರೆ ಕೂಡಲೇ ಒಪ್ಪಿಕೊಳ್ಳಬೇಕು" ಅನ್ನುವುದು ನೀತಿ. ಅದು ಓದುಗನಿಗೆ ಹೀಗೆ ನಡೆದುಕೋ ಎಂದು ಹೇಳುತ್ತದೆ. ಆಶಯ ಯಾರಿಗೂ ಬುದ್ಧಿ ಹೇಳುವುದಿಲ್ಲ. ಬದುಕು ಹೀಗಿರುತ್ತದೆ ಎಂದು ಕಥೆ ಕಂಡುಕೊಂಡದ್ದನ್ನು ಹೇಳುತ್ತದೆ. ಇಲ್ಲಿ ಅದು ಹೀಗಿರಬಹುದು: "ತಡವಾಗಿ ಹೇಳಿದ ನಿಜ ಹೇಳಿದವನ ಮನಸ್ಸನ್ನು ಹಗುರ ಮಾಡಿದರೂ, ಅಷ್ಟರಲ್ಲಿ ಬೇರೆಯವರಿಗೆ ಆದ ನೋವನ್ನು ಅಳಿಸುವುದಿಲ್ಲ."

ಈ ವಾಕ್ಯಕ್ಕೆ ಮಕ್ಕಳನ್ನು ಕರೆತರುವ ದಾರಿ ಒಂದು ಪ್ರಶ್ನೆ. ವಿಷಯದ ಪದವನ್ನು ಬೋರ್ಡಿನ ಮೇಲೆ ಬರೆದು, "ಇದರ ಬಗ್ಗೆ ಈ ಕಥೆ ಏನು ಹೇಳುತ್ತದೆ?" ಎಂದು ಕೇಳಿ. ಇದು ದೊಡ್ಡದಾಯಿತು ಅನಿಸಿದರೆ ಒಡೆಯಿರಿ: ತಪ್ಪು ಮುಚ್ಚಿಟ್ಟದ್ದರಿಂದ ಯಾರಿಗೆ ಏನಾಯಿತು? ಕೊನೆಯಲ್ಲಿ ಏನು ಸರಿಹೋಯಿತು, ಏನು ಸರಿಹೋಗಲಿಲ್ಲ? ಮಕ್ಕಳು ಮೊದಲು ಹೆಸರು ಹಿಡಿದೇ ಉತ್ತರಿಸುತ್ತಾರೆ: "ರವಿ ನಿಜ ಹೇಳಿದರೂ ಸುರೇಶ ವಾಪಸ್ ಬರಲಿಲ್ಲ." ಇದನ್ನು ತಪ್ಪೆನ್ನಬೇಡಿ, ಇದೇ ಕಚ್ಚಾ ಸಾಮಗ್ರಿ. ಈಗ ಹೆಸರುಗಳನ್ನು ತೆಗೆಸಿ, ರವಿ ಇದ್ದಲ್ಲಿ "ತಪ್ಪು ಮಾಡಿದವನು", ಸುರೇಶ ಇದ್ದಲ್ಲಿ "ನೋವುಂಡವನು" ಎಂದು ಹಾಕಿಸಿ. "ಬರಲಿಲ್ಲ" ಅನ್ನುವ ಭೂತಕಾಲವನ್ನು "ಬರುವುದಿಲ್ಲ" ಎಂಬ ರೂಪಕ್ಕೆ ತನ್ನಿ. ಅಲ್ಲಿಗೆ ಮುಕ್ಕಾಲು ಕೆಲಸ ಮುಗಿದಂತೆ.

ತಪ್ಪುಗಳನ್ನು ವಾಕ್ಯದ ಕೊನೆ ನೋಡಿಯೇ ಹಿಡಿಯಬಹುದು. "ಬೇಕು", "ಬಾರದು", "ಬೇಡ" ಬಂದರೆ ಅದು ಬಹುತೇಕ ನೀತಿ. "ಯಾಕೆ ಬಾರದು? ಕಥೆಯಲ್ಲಿ ಏನಾಯಿತು?" ಎಂದು ಕೇಳಿ, ಆ ಉತ್ತರದೊಳಗೆ ಆಶಯ ಇರುತ್ತದೆ. ಇನ್ನೂ ಸಾಮಾನ್ಯವಾದದ್ದು "ಸ್ನೇಹದ ಮಹತ್ವ", "ಸತ್ಯದ ಮಹಿಮೆ". ನೋಡಲು ಗಂಭೀರವಾಗಿರುವುದರಿಂದ ಎಷ್ಟೋ ಸಲ ಇದಕ್ಕೆ ಅಂಕವೂ ಸಿಕ್ಕಿಬಿಡುತ್ತದೆ. ಆದರೆ ಇದರಲ್ಲಿ ಕ್ರಿಯಾಪದವೇ ಇಲ್ಲ. ವಿಷಯಕ್ಕೇ ಒಂದು ಪದ ಸೇರಿದೆ ಅಷ್ಟೆ. ನನ್ನ ಮಟ್ಟಿಗೆ "ಮಹತ್ವ" ಎಂಬ ಪದವನ್ನು ಈ ಉತ್ತರದಲ್ಲಿ ಬಳಸಕೂಡದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. "ಯಾವಾಗಲೂ", "ಎಲ್ಲರೂ" ಬಂದರೂ ತಡೆಯಿರಿ; ಒಂದು ಕಥೆ ಅಷ್ಟು ದೊಡ್ಡ ಮಾತಿಗೆ ಆಧಾರ ಕೊಡಲಾರದು.

ಸರಿಯಾದ ಆಶಯ ಒಂದೇ ಇರಬೇಕಿಲ್ಲ. ಕಿರಣನ ಕಡೆಯಿಂದ ನೋಡಿದ ಮಗು "ಆಧಾರವಿಲ್ಲದ ಅನುಮಾನ ಹತ್ತಿರದವರನ್ನೂ ದೂರ ಮಾಡುತ್ತದೆ" ಎಂದು ಬರೆದರೆ ಅದೂ ಸರಿ, ಕಥೆಯ ಎರಡು ಕಡೆಯಿಂದ ಆಧಾರ ತೋರಿಸಿದರೆ. ಕಿರಣ ಮಾತು ಬಿಟ್ಟದ್ದು ಒಂದು, ಕೊನೆಯಲ್ಲಿ ಸುರೇಶ ಬೆಂಚಿಗೆ ವಾಪಸ್ ಬಾರದಿದ್ದದ್ದು ಇನ್ನೊಂದು. ಕಥೆಯ ಕೊನೆಗೆ ಹೊಂದದ ವಾಕ್ಯವನ್ನು ಮಾತ್ರ ಒಪ್ಪಬೇಡಿ: "ಕ್ಷಮೆ ಕೇಳಿದರೆ ಮುರಿದ ಸ್ನೇಹ ಕೂಡುತ್ತದೆ" ಅನ್ನುವುದು ಒಳ್ಳೆಯ ಮಾತೇ, ಆದರೆ ಸುರೇಶ ಅದನ್ನು ಸುಳ್ಳು ಮಾಡಿದ್ದಾನೆ.

ನೀತಿಕಥೆಗಳಲ್ಲಿ ನೀತಿಯೂ ಆಶಯವೂ ತೀರಾ ಹತ್ತಿರ ಇರುತ್ತವೆ, ಆದ್ದರಿಂದ ಅವುಗಳಿಂದ ಈ ಪಾಠ ಶುರು ಮಾಡಬೇಡಿ. ಕೊನೆ ಪೂರ್ತಿ ಸುಖಾಂತವಲ್ಲದ ಕಥೆ ಆರಿಸಿ.

ಮಕ್ಕಳು ಬರೆದಾದ ಮೇಲೆ, ಬರೆದದ್ದು ನೀತಿಯೋ ಆಶಯವೋ ಎಂದು ತಿಳಿಯಲು ಕಥೆಯ ಕೊನೆಯನ್ನು ಬದಲಿಸಿ ನೋಡಿ. ಸುರೇಶ ನಗುತ್ತಾ ಅದೇ ಬೆಂಚಿಗೆ ವಾಪಸ್ ಬಂದ ಅಂದುಕೊಳ್ಳಿ, ಈಗ ನಿಮ್ಮ ವಾಕ್ಯ ನಿಲ್ಲುತ್ತದೆಯೇ ಎಂದು ಕೇಳಿ. "ತಪ್ಪು ಒಪ್ಪಿಕೊಳ್ಳಬೇಕು" ಎಂಬ ನೀತಿ ಎರಡೂ ಕೊನೆಗೆ ಹಾಗೇ ನಿಲ್ಲುತ್ತದೆ. "ನೋವನ್ನು ಅಳಿಸುವುದಿಲ್ಲ" ಎಂಬ ಆಶಯ ಬರೆದವರು ತಮ್ಮ ವಾಕ್ಯವನ್ನು ತಿದ್ದಲೇಬೇಕಾಗುತ್ತದೆ.