ಅರ್ಧ ಇಂಚಿನ ಶವರ್ ಆರ್ಮ್ ಅರ್ಧ ಇಂಚಿನ ಪೈಪಿಗೇ ಯಾಕೆ ಕೂರುವುದಿಲ್ಲ?

"ಹಳೆಯ ಶವರ್ ಆರ್ಮ್ ಬಿಚ್ಚಿ ಹೊಸದು ಹಾಕುತ್ತಿದ್ದೇನೆ. ಎರಡೂ ಅರ್ಧ ಇಂಚು. ಆದರೂ ಹೊಸದು ಎರಡು ಸುತ್ತು ಹೋಗಿ ಬಿಗಿಯಾಗಿ ನಿಲ್ಲುತ್ತದೆ. ರೆಂಚ್ ಹಾಕಿ ತಿರುಗಿಸಲೇ?"

ಬೇಡ. ಗೋಡೆಯೊಳಗಿನ ಎಲ್ಬೋ ಸೀಳಿದರೆ ಟೈಲ್ ಒಡೆಯಬೇಕಾಗುತ್ತದೆ.

ಮೊದಲು ಟೇಪ್ ಇಲ್ಲದೆ ಒಂದು ಪರೀಕ್ಷೆ ಮಾಡಿ. ಬಿಚ್ಚಿಟ್ಟ ಹಳೆಯ ಆರ್ಮಿನ ಥ್ರೆಡ್ ಒರೆಸಿ, ಅದನ್ನೇ ಬರಿಗೈಯಲ್ಲಿ ಗೋಡೆಗೆ ತಿರುಗಿಸಿ ನೋಡಿ. ಅದೂ ಎರಡೇ ಸುತ್ತಿಗೆ ನಿಂತರೆ ತೊಂದರೆ ಇರುವುದು ಗೋಡೆಯ ಕಡೆಯಲ್ಲಿ: ಹಳೆಯ ಟೇಪ್ ಅಥವಾ ಸೆಣಬಿನ ಚೂರು, ಸುಣ್ಣದ ಗಡಸು ಪದರ, ತುಕ್ಕು ಒಳಗೆ ಕೂತಿರುತ್ತದೆ. ಹಳೆಯದು ನಾಲ್ಕೈದು ಸುತ್ತು ಸಲೀಸಾಗಿ ಹೋಗಿ, ಹೊಸದು ಮಾತ್ರ ನಿಂತರೆ ಥ್ರೆಡ್ಡಿನ ಜಾತಿಯೇ ಬೇರೆ ಎಂದು ಅನುಮಾನಿಸಿ.

ಅರ್ಧ ಇಂಚು ಎನ್ನುವುದು ಥ್ರೆಡ್ಡಿನ ಅಳತೆಯಲ್ಲ, ಹಳೆಯ ಕಬ್ಬಿಣದ ಪೈಪಿನ ಒಳರಂಧ್ರದಿಂದ ಬಂದ ಹೆಸರು. ಸ್ಕೇಲ್ ಇಟ್ಟರೆ ಥ್ರೆಡ್ಡಿನ ಹೊರವ್ಯಾಸ 21 ಮಿ.ಮೀ. ಆಸುಪಾಸು ಬರುತ್ತದೆ. ಅದನ್ನು ನೋಡಿ "ಇದು ಮುಕ್ಕಾಲು ಇಂಚು" ಎಂದು ತಪ್ಪು ಸಾಮಾನು ತರುವವರು ಬಹಳ. ನಿಜವಾದ ಮುಕ್ಕಾಲು ಇಂಚು 26 ಮಿ.ಮೀ. ದಾಟುತ್ತದೆ.

ಈ ಅರ್ಧ ಇಂಚಿನಲ್ಲೇ ಎರಡು ಪದ್ಧತಿಗಳಿವೆ: ಬ್ರಿಟಿಷರ ಬಿಎಸ್‌ಪಿ, ಅಮೆರಿಕದ ಎನ್‌ಪಿಟಿ. ಎರಡರಲ್ಲೂ ಇಂಚಿಗೆ 14 ಥ್ರೆಡ್. ಮೋಸ ಇರುವುದು ಇಲ್ಲೇ. ಎಣಿಕೆ ಒಂದೇ ಆದ್ದರಿಂದ ಒಂದು ಇನ್ನೊಂದರೊಳಗೆ ಸುಲಭವಾಗಿ ಹಿಡಿಯುತ್ತದೆ, "ಸರಿಯಾಗಿದೆ" ಅನ್ನಿಸುತ್ತದೆ. ಆದರೆ ಬಿಎಸ್‌ಪಿಯ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ದಪ್ಪದಲ್ಲೂ ಎನ್‌ಪಿಟಿ ಕಾಲು ಮಿಲಿಮೀಟರಿನಷ್ಟು ಹೆಚ್ಚು. ಹಾಗಾಗಿ ಎನ್‌ಪಿಟಿ ಆರ್ಮ್ ಬಿಎಸ್‌ಪಿ ಎಲ್ಬೋದಲ್ಲಿ ಬೇಗ ಸಿಕ್ಕಿಕೊಳ್ಳುತ್ತದೆ. ಅದಲುಬದಲಾದರೆ ಆರ್ಮ್ ಸಡಿಲವಾಗಿ ಆಳಕ್ಕೆ ಹೋಗುತ್ತದೆ, ಆದರೆ ಹಲ್ಲಿನ ಮಗ್ಗುಲುಗಳು ಒಂದಕ್ಕೊಂದು ಒತ್ತಿಕೊಳ್ಳದ ಕಾರಣ ಸುರುಳಿಯುದ್ದಕ್ಕೂ ನೀರಿಗೆ ದಾರಿ ಉಳಿಯುತ್ತದೆ. ಎಷ್ಟು ಟೇಪ್ ಸುತ್ತಿದರೂ ಆ ಜೋಡಣೆಯನ್ನು ನಂಬಿಕೊಂಡು ಕೂರುವಂತಿಲ್ಲ.

ಇನ್ನೊಂದು ಕಾರಣವೂ ಇದೆ, ಇದನ್ನು ಬಹುಮಂದಿ ಗಮನಿಸುವುದಿಲ್ಲ. ಬಿಎಸ್‌ಪಿಯಲ್ಲೇ ನೇರ ಥ್ರೆಡ್ ಬೇರೆ, ತುದಿಗೆ ಸಣ್ಣಗಾಗುತ್ತ ಹೋಗುವ ಓರೆ ಥ್ರೆಡ್ ಬೇರೆ. ಓರೆಯ ಪ್ರಮಾಣ 16 ಮಿ.ಮೀ. ಉದ್ದಕ್ಕೆ ವ್ಯಾಸದಲ್ಲಿ 1 ಮಿ.ಮೀ. ಓರೆಯ ಹೊರ ಥ್ರೆಡ್ ನೇರ ಒಳ ಥ್ರೆಡ್ಡಿಗೆ ಚೆನ್ನಾಗಿ ಕೂರುತ್ತದೆ. ನೇರ ಹೊರ ಥ್ರೆಡ್ಡನ್ನು ಓರೆ ಒಳ ಥ್ರೆಡ್ಡಿಗೆ ಹಾಕಿದರೆ ಮಾತ್ರ ಒಂದೆರಡು ಸುತ್ತಿಗೇ ನಿಲ್ಲುತ್ತದೆ, ನೀರನ್ನೂ ತಡೆಯುವುದಿಲ್ಲ. ನೇರ ಥ್ರೆಡ್ಡಿನಲ್ಲಿ ನೀರು ತಡೆಯುವುದು ವಾಷರ್. ಕೈಶವರಿನ ಹೋಸ್‌ಗೆ ಟೇಪ್ ಬೇಡವೆನ್ನುವುದೂ ಇದಕ್ಕೇ.

ಗುರುತಿಸುವುದು ಹೀಗೆ. ಫಿಟ್ಟಿಂಗಿನ ಮೇಲೆ ಅಥವಾ ಪೆಟ್ಟಿಗೆಯಲ್ಲಿ ½ರ ಜೊತೆಗೆ ಇಂಗ್ಲಿಷಿನ ಜಿ ಅಕ್ಷರವಿದ್ದರೆ ನೇರ ಬಿಎಸ್‌ಪಿ, ಆರ್ ಇದ್ದರೆ ಓರೆ. ಎನ್‌ಪಿಟಿ ಅಂತಿದ್ದರೆ ಮಾತೇ ಇಲ್ಲ. ಗುರುತು ಇಲ್ಲದಿದ್ದರೆ ಹೊಸ ಆರ್ಮಿನ ಹತ್ತು ಥ್ರೆಡ್ಡಿನ ಉದ್ದ ಅಳೆಯಿರಿ, 18 ಮಿ.ಮೀ. ಬರಬೇಕು. ಬರದಿದ್ದರೆ ಅದು ಅರ್ಧ ಇಂಚಿನ ಪೈಪ್ ಥ್ರೆಡ್ಡೇ ಅಲ್ಲ. ಬಂದರೆ ಎರಡು ಪದ್ಧತಿಗಳಲ್ಲಿ ಒಂದು ಎಂದಷ್ಟೇ ಗೊತ್ತಾಗುತ್ತದೆ. ಆಗ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ: ಬಿಎಸ್‌ಪಿಯದು ತುದಿ ದುಂಡಗೆ, ಎನ್‌ಪಿಟಿಯದು ಕತ್ತರಿಸಿದಂತೆ ಚಪ್ಪಟೆ. ಸವೆದ ಹಳೆಯ ಹಲ್ಲಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಹೊಸದರಲ್ಲೇ ನೋಡಬೇಕು.

ಜಾತಿ ಬೇರೆಯಾಗಿದ್ದರೆ ಎರಡು ದಾರಿ: ಆರ್ಮನ್ನು ಬದಲಿಸಿ, ಇಲ್ಲವೇ ಒಂದು ಬದಿ ಬಿಎಸ್‌ಪಿ, ಇನ್ನೊಂದು ಬದಿ ಎನ್‌ಪಿಟಿ ಇರುವ ಹಿತ್ತಾಳೆಯ ಅಡಾಪ್ಟರ್ ಹಾಕಿ. ಬದಲಿಸುವುದೇ ಮೇಲು. ಅಡಾಪ್ಟರ್ ಹಾಕಿದರೆ ಸೋರಬಹುದಾದ ಜಾಗ ಒಂದು ಹೆಚ್ಚುತ್ತದೆ, ಗೋಡೆಗೆ ಮುಚ್ಚುವ ತಟ್ಟೆಯೂ ಸರಿಯಾಗಿ ಕೂರದೆ ಹೋಗಬಹುದು.

ಕೊಳೆಯೇ ಕಾರಣವಾದರೆ ಮೊನಚಾದ ಕಡ್ಡಿಯಿಂದ ಥ್ರೆಡ್ಡಿನ ಸಂದಿಯಲ್ಲಿ ಸುತ್ತ ಕೆರೆದು, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಒಮ್ಮೆ ನೀರು ಬಿಟ್ಟು ಚೂರುಗಳನ್ನು ಹೊರಹಾಕಿ.

ಓರೆ ಥ್ರೆಡ್ಡಿನ ಆರ್ಮ್ ಬರಿಗೈಯಲ್ಲಿ ಮೂರು ನಾಲ್ಕು ಸುತ್ತು ಹೋಗುವುದು ಖಚಿತವಾದ ಮೇಲೆ ಟೇಪ್ ಸುತ್ತಿ. ತುದಿ ನಿಮ್ಮತ್ತ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಐದಾರು ಸುತ್ತು, ಮೊದಲ ಹಲ್ಲನ್ನು ಬಿಟ್ಟು. ಹತ್ತು ಹದಿನೈದು ಸುತ್ತಿದರೆ ಸರಿಯಾದ ಜೋಡಿಯೂ ಎರಡು ಸುತ್ತಿಗೇ ನಿಲ್ಲುತ್ತದೆ. ಕೈಬಿಗಿಯ ನಂತರ ರೆಂಚಿನಿಂದ ಒಂದರಿಂದ ಎರಡು ಸುತ್ತು ಸಾಕು. ಆರ್ಮ್ ಕೆಳಮುಖವಾಗಿ ನಿಲ್ಲುವ ಜಾಗ ದಾಟಿಹೋದರೆ ಹಿಂದಕ್ಕೆ ತಿರುಗಿಸಿ ಹೊಂದಿಸಬೇಡಿ. ಟೇಪಿನ ಹಿಡಿತ ಅಲ್ಲೇ ಬಿಡುತ್ತದೆ. ಪೂರ್ತಿ ಬಿಚ್ಚಿ, ಒಂದು ಸುತ್ತು ಹೆಚ್ಚು ಟೇಪ್ ಹಾಕಿ, ಮತ್ತೆ ಕೂರಿಸಿ.