ಮಳೆ, ಇಳುವರಿ ಮತ್ತು r²

ಐದು ವರ್ಷದ ಮಳೆಗೂ ಇಳುವರಿಗೂ r² = 0.66 ಬಂದಿದೆ. ಇಳುವರಿಯಲ್ಲಿ 66% ಮಳೆಯಿಂದಲೇ ಬಂತು ಅಂತ ಬರೆಯಬಹುದಾ?

ಬೇಡ. ವರ್ಷದಿಂದ ವರ್ಷಕ್ಕೆ ಇಳುವರಿಯಲ್ಲಿ ಕಂಡ ಏರಿಳಿತದ 66% ಭಾಗ ಮಳೆಯ ಏರಿಳಿತದ ಜೊತೆ ಹೊಂದುತ್ತದೆ, ಅಷ್ಟೇ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಮಳೆ 400, 500, 600, 700, 800 ಮಿ.ಮೀ. ಇಳುವರಿ ಹೆಕ್ಟೇರಿಗೆ 10, 13, 14, 18, 15 ಕ್ವಿಂಟಾಲ್. ಸರಾಸರಿ 14. ಪ್ರತಿ ವರ್ಷದ ಇಳುವರಿ ಸರಾಸರಿಯಿಂದ ಎಷ್ಟು ದೂರವಿದೆಯೋ ಅದರ ವರ್ಗಗಳನ್ನು ಕೂಡಿದರೆ 34. ಈಗ ಈ ಬಿಂದುಗಳಿಗೆ ಅತಿ ಹತ್ತಿರದ ನೇರ ಗೆರೆ, ಅಂದರೆ ರಿಗ್ರೆಶನ್ ಗೆರೆ ಎಳೆಯಿರಿ:

ಇಳುವರಿ = 5 + 0.015 × ಮಳೆ

ಈ ಗೆರೆಯಿಂದ ಅಳೆದರೆ ಅದೇ ಮೊತ್ತ 11.5ಕ್ಕೆ ಇಳಿಯುತ್ತದೆ. ಕಡಿಮೆಯಾದ 22.5 ಅನ್ನು 34ರಿಂದ ಭಾಗಿಸಿದರೆ 0.66. ಅದೇ r². ಇದರಲ್ಲಿ ಕಾರಣ ಅನ್ನೋ ಮಾತು ಎಲ್ಲೂ ಬಂದಿಲ್ಲ, ಅಲ್ವಾ? ಮಳೆ ಮತ್ತು ಇಳುವರಿಯನ್ನು ಅದಲುಬದಲು ಮಾಡಿದರೂ r² ಅಷ್ಟೇ ಬರುತ್ತದೆ.

ಮಳೆ ಬೆಳೆಗೆ ಬೇಕು ಅನ್ನೋದು ನಿಜ. ಆದರೆ ಒಳ್ಳೆ ಮಳೆಯಾದ ವರ್ಷ ರೈತರು ಗೊಬ್ಬರವನ್ನೂ ಜಾಸ್ತಿ ಹಾಕಿರಬಹುದು. ಆಗ ಗೊಬ್ಬರದ ಫಲವೂ ಮಳೆಯ ಲೆಕ್ಕಕ್ಕೇ ಸೇರುತ್ತದೆ. ಗೊಬ್ಬರದ ಅಂಕಿ ಸಿಕ್ಕರೆ ಅದನ್ನೂ ರಿಗ್ರೆಶನ್‌ಗೆ ಸೇರಿಸಿ. ಮಳೆಯ ಗುಣಕ 0.015ರಿಂದ ತುಂಬಾ ಕುಗ್ಗಿದರೆ ಮೊದಲು ಕಂಡಿದ್ದು ಬರೀ ಮಳೆಯ ಪ್ರಭಾವ ಆಗಿರಲಿಕ್ಕಿಲ್ಲ. ಆದರೆ ಇದಕ್ಕೆ ಐದು ವರ್ಷದ ಅಂಕಿ ಸಾಲದು.

800 ಮಿ.ಮೀ. ವರ್ಷವನ್ನೂ ಗಮನಿಸಿ. ಗೆರೆ 17 ಅನ್ನುತ್ತದೆ, ಸಿಕ್ಕಿದ್ದು 15. ಅತಿ ಮಳೆಗೆ ಬೇರು ಕೊಳೆತು ಇಳುವರಿ ಇಳಿಯುವುದುಂಟು. ಅದನ್ನು ನೇರ ಗೆರೆ ಹಿಡಿಯಲಾರದು.